ಪಟ್ಟಿ ಎತ್ತೋದು ಅರ್ಧಕ್ಕ ಬಿಡೋದಾದ್ರ

"ಜಾತ್ರಿಗೆ ನಮ್ಮ ಓಣಿ ಪಟ್ಟಿ ಎತ್ತೋದು ನನಗ ವಹಿಸ್ಯಾರ. ಅರ್ಧ ಆಗೇತಿ. ಈಗ ಡ್ಯೂಟಿ ವಿಜಯಪುರಕ್ಕ ಹಾಕಿದ್ರು. ಕಮಿಟಿಗೆ ಹೆಂಗ ಹೇಳ್ಲಿ?"

ಮೊದಲ ವಾಟ್ಸಾಪ್ ಗ್ರೂಪಿಗೆ ಹಾಕಬ್ಯಾಡ್ರಿ. ಅಲ್ಲಿ ಹಾಕಿದ್ರ ನಾಕು ಮಂದಿ ನಾಕು ಮಾತಾಡ್ತಾರ, ರೊಕ್ಕದ ಮ್ಯಾಲೆ ಸಂಶಯ ಶುರುವಾಗ್ತೈತಿ. ಇವತ್ತ ಸಂಜಿಕಿ ಅಧ್ಯಕ್ಷರ ಮನಿಗೆ ಹೋಗ್ರಿ, ಖಜಾಂಚಿನೂ ಅಲ್ಲೇ ಕರೀರಿ.

ಹೋಗೂ ಮುಂಚೆ ಲೆಕ್ಕ ಕೂಡಿಸಿಕೊಳ್ರಿ. ಮನಿಗೆ 500 ರೂಪಾಯಿ ಪಟ್ಟಿ ಅಂತ ಹಿಡೀರಿ. ಪಾವತಿ ಬುಕ್ಕಿನ್ಯಾಗ 37ರ ತನಕ ಹರದಿದ್ದು, ಎರಡು ರದ್ದಾಗಿದ್ರ, 35 ಮನಿದು 17,500 ಇರಬೇಕು. 13 ಮನಿಯವರು ನಿಮ್ಮ ಫೋನ್‌ಪೇಗೆ ಹಾಕಿದ್ರ ಆ 6,500 ಅಲ್ಲೇ ಕಮಿಟಿ ಖಾತೆಗೆ ಕಳಸ್ರಿ; ಉಳಿದ 11,000 ಕೈಯಾಗ ಎಣಿಸಿ ಕೊಡ್ರಿ. ರದ್ದಾದ ಪಾವತಿ ಹರದು ಒಗೀಬ್ಯಾಡ್ರಿ, ಎರಡೂ ಪ್ರತಿ ಬುಕ್ಕಿನ್ಯಾಗ ಇರಲಿ. ಜಗಳ ಹುಟ್ಟೋದು ಹೆಚ್ಚಾಗಿ ಅಲ್ಲೇ.

37ನೇ ಪ್ರತಿಯ ಹಿಂದ "ಇಲ್ಲೀತನಕ ಜಮಾ 17,500" ಅಂತ ಬರದು, ತಾರೀಖು ಹಾಕಿ ಖಜಾಂಚಿ ಸಹಿ ತಗೊಂಡು ಫೋಟೋ ಇಟ್ಕೊಳ್ರಿ. ಇನ್ನೊಂದು ಚೀಟಿ ಬೇಕು: "ಅಮಾಸಿಗೆ ಕೊಡ್ತೀವಿ" ಅಂದವರು, ರೊಕ್ಕದ ಬದಲಿ ಜೋಳ-ಬ್ಯಾಳಿ ಕೊಡ್ತೀನಿ ಅಂದವರು, ಇವೆಲ್ಲಾ ನಿಮ್ಮ ತಲಿಯಾಗಷ್ಟ ಇರ್ತಾವ. ಬರದು ಕೊಡದಿದ್ರ ಹೊಸಬ ಹೋಗಿ ಮತ್ತ ಕೇಳ್ತಾನ, ಮನಿಯವರು ಸಿಟ್ಟಾಗ್ತಾರ.

ಮಾತು ಇಷ್ಟ ಸಾಕು: "ಕಾಕಾ, ಸೋಮವಾರದಿಂದ ನಾ ಊರಾಗ ಇರಂಗಿಲ್ಲ. ಲೆಕ್ಕ ತಂದೀನಿ. ಉಳಿದ ಮನಿಗೆ ಯಾರನ್ನ ಕಳಸ್ತೀರಿ?" "ನೋಡ್ತೀನಿ, ಆದ್ರ ಬರ್ತೀನಿ" ಅನ್ನಬ್ಯಾಡ್ರಿ, ಹಂಗಂದ್ರ ಬುಕ್ಕು ನಿಮ್ಮ ಹೆಸರಲ್ಲೇ ಉಳೀತೈತಿ.