ನವೀಕರಣದ ಷರತ್ತನ್ನು ಎರಡು ಅರ್ಥ ಬಾರದಂತೆ ಬರೆಯುವ ಬಗೆ

ಪ್ರಶ್ನೆ: "ನಮ್ಮದು ಸಾಗರ ತಾಲ್ಲೂಕಿನ ಚಿಕ್ಕ ಟ್ರಸ್ಟ್. ಪದವಿ ಓದುವ ಮಕ್ಕಳಿಗೆ ಮೂರು ವರ್ಷ ವಿದ್ಯಾರ್ಥಿವೇತನ ಕೊಡುತ್ತೇವೆ. ಮಂಜೂರಾತಿ ಪತ್ರದಲ್ಲಿ 'ಪ್ರತಿ ವರ್ಷ ಶೇ. 60ಕ್ಕಿಂತ ಹೆಚ್ಚು ಅಂಕ ಪಡೆದು, ಫಲಿತಾಂಶ ಬಂದ ಒಂದು ತಿಂಗಳೊಳಗೆ ಅಂಕಪಟ್ಟಿ ಸಲ್ಲಿಸಿದವರಿಗೆ ವೇತನ ಮುಂದುವರಿಸುವುದನ್ನು ಪರಿಗಣಿಸಲಾಗುವುದು' ಎಂದಿದೆ. ಪ್ರತಿ ವರ್ಷವೂ ತಕರಾರು. ಹೇಗೆ ತಿದ್ದಬೇಕು?"

ತೀರ್ಥಹಳ್ಳಿಯ ಒಂದು ದತ್ತಿನಿಧಿಗೆ ಇಂಥ ಪತ್ರಗಳನ್ನು ಬರೆದುಕೊಡುವ ಕೆಲಸವನ್ನು ಹಲವು ವರ್ಷ ಮಾಡಿದ್ದೇನೆ. ಮೊದಲು ಬರೆದವುಗಳಲ್ಲಿ ನಿಮ್ಮ ಪತ್ರದಲ್ಲಿರುವ ದೋಷಗಳೇ ಇದ್ದವು. ಆದ್ದರಿಂದ ಅಂಕದ ಷರತ್ತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೆಚ್ಚಿನ ತಕರಾರುಗಳು ಹುಟ್ಟುವುದು ಅಲ್ಲಿಯೇ.

ಒಬ್ಬ ವಿದ್ಯಾರ್ಥಿನಿಯ ಅಂಕಗಳನ್ನು ನೋಡೋಣ. ಎರಡೂ ಸೆಮಿಸ್ಟರಿಗೆ ಗರಿಷ್ಠ ಅಂಕ 700 ಎಂದಿಟ್ಟುಕೊಳ್ಳಿ. ಮೊದಲನೆಯದರಲ್ಲಿ ಆಕೆಗೆ 392, ಅಂದರೆ ಶೇ. 56, ಎರಡನೆಯದರಲ್ಲಿ 462, ಅಂದರೆ ಶೇ. 66. ಎರಡನ್ನೂ ಕೂಡಿಸಿದರೆ 1,400ಕ್ಕೆ 854, ಅಂದರೆ ಶೇ. 61. "ಪ್ರತಿ ವರ್ಷ ಶೇ. 60" ಎಂಬುದನ್ನು ವರ್ಷದ ಒಟ್ಟು ಅಂಕವೆಂದು ಓದಿದ ವಿದ್ಯಾರ್ಥಿನಿ ತಾನು ಅರ್ಹಳೆಂದು ನಂಬುತ್ತಾಳೆ, ಪ್ರತಿ ಸೆಮಿಸ್ಟರಿನಲ್ಲೂ ಅಷ್ಟು ಬರಬೇಕೆಂದು ಓದಿದ ಟ್ರಸ್ಟಿ ಆಕೆಯ ಹೆಸರನ್ನು ಹೊಡೆದುಹಾಕುತ್ತಾರೆ. ಇಬ್ಬರ ಓದೂ ತಪ್ಪಲ್ಲ, ತಪ್ಪಿರುವುದು ವಾಕ್ಯದಲ್ಲಿ. ಎರಡನೇ ವರ್ಷಕ್ಕೆ ಬಂದಾಗ ಮೂರನೆಯ ಅರ್ಥವೂ ಸೇರಿಕೊಳ್ಳುತ್ತದೆ: ಆ ವರ್ಷದ ಅಂಕ ಮಾತ್ರವೋ, ಮೊದಲ ಸೆಮಿಸ್ಟರಿನಿಂದ ಈವರೆಗಿನ ಎಲ್ಲವನ್ನೂ ಕೂಡಿಸಿದ್ದೋ? ನೀವು ಯಾವುದನ್ನು ಆರಿಸಿಕೊಂಡರೂ ಸರಿಯೇ, ಆದರೆ ಲೆಕ್ಕ ಮಾಡುವ ಕ್ರಮವನ್ನು ಪತ್ರದಲ್ಲಿಯೇ ಬರೆಯಿರಿ, ಮೇಲಿನಂಥ ಒಂದು ಉದಾಹರಣೆಯನ್ನೂ ಕೊಡಿ. ನನ್ನ ಅನುಭವದಲ್ಲಿ ಷರತ್ತನ್ನು ಇನ್ನೆರಡು ಸಾಲು ಬೆಳೆಸುವುದಕ್ಕಿಂತ ಒಂದು ಲೆಕ್ಕವನ್ನು ಮಾಡಿ ತೋರಿಸುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

"ಕ್ಕಿಂತ ಹೆಚ್ಚು" ಎಂಬುದನ್ನು ಬಿಟ್ಟುಬಿಡಿ. ಅಕ್ಷರಶಃ ಓದಿದರೆ ಸರಿಯಾಗಿ ಶೇ. 60 ಬಂದವರು ಹೊರಗುಳಿಯುತ್ತಾರೆ, ನಿಮ್ಮ ಉದ್ದೇಶ ಅದಾಗಿರಲಿಕ್ಕಿಲ್ಲ. "ಶೇ. 60 ಅಥವಾ ಅದಕ್ಕಿಂತ ಹೆಚ್ಚು" ಎಂದು ಬರೆದು, 59.6 ಬಂದರೆ ಅದನ್ನು 60 ಎಂದು ಎಣಿಸುವಿರೋ ಇಲ್ಲವೋ ಎಂಬುದನ್ನೂ ಸೇರಿಸಿ. ಒಟ್ಟು ಅಂಕ ಸಾಕಷ್ಟಿದ್ದು ಒಂದು ವಿಷಯದಲ್ಲಿ ಮಾತ್ರ ಅನುತ್ತೀರ್ಣರಾದವರ ಬಗ್ಗೆ ನಿಮ್ಮ ಪತ್ರ ಏನನ್ನೂ ಹೇಳುವುದಿಲ್ಲ. ಮರುಮೌಲ್ಯಮಾಪನದಲ್ಲಿ ಅಂಕ ಹೆಚ್ಚಾದವರ ಬಗ್ಗೆಯೂ ಅದು ಮೌನವಾಗಿದೆ. ಈ ಎರಡಕ್ಕೂ ಒಂದೊಂದು ವಾಕ್ಯ ಬೇಕು.

ಇನ್ನು ಗಡುವಿನ ಮಾತು. "ಫಲಿತಾಂಶ ಬಂದ ಒಂದು ತಿಂಗಳೊಳಗೆ ಅಂಕಪಟ್ಟಿ ಸಲ್ಲಿಸಿದವರಿಗೆ" ಎಂಬ ಆರು ಪದಗಳಲ್ಲಿ ನಾಲ್ಕು ತೊಡಕುಗಳಿವೆ. ಫಲಿತಾಂಶ ಜಾಲತಾಣದಲ್ಲಿ ಕಾಣಿಸಿಕೊಂಡ ದಿನವೇ ಅದು "ಬಂದ" ದಿನವೋ, ಕಾಲೇಜಿನವರು ಹೇಳಿದ ದಿನವೋ, ಮುದ್ರಿತ ಅಂಕಪಟ್ಟಿ ಕೈಸೇರಿದ ದಿನವೋ ಎಂಬುದು ಮೊದಲನೆಯದು. ಮುದ್ರಿತ ಅಂಕಪಟ್ಟಿ ಫಲಿತಾಂಶಕ್ಕಿಂತ ಬಹಳ ತಡವಾಗಿ ಬರುವುದುಂಟು. ಅದನ್ನೇ ಕೇಳಿದರೆ ಪಾಲಿಸಲಾಗದ ಷರತ್ತನ್ನು ನೀವೇ ಹಾಕಿದಂತಾಗುತ್ತದೆ. ಆದ್ದರಿಂದ ಜಾಲತಾಣದ ಫಲಿತಾಂಶದ ಪ್ರತಿಗೆ ಪ್ರಾಂಶುಪಾಲರ ಸಹಿ ಮಾಡಿಸಿ ಕಳುಹಿಸಿದರೆ ಸಾಕು, ಮೂಲ ಅಂಕಪಟ್ಟಿಯನ್ನು ಬಂದ ಮೇಲೆ ತೋರಿಸಬಹುದು ಎಂದು ಬರೆಯಿರಿ. ಎರಡನೆಯ ತೊಡಕು "ತಿಂಗಳು": ಜನವರಿ 31ರಿಂದ ಒಂದು ತಿಂಗಳೆಂದರೆ ಯಾವ ದಿನ? "30 ದಿನ" ಎಂದರೆ ಆ ಗೊಂದಲವಿಲ್ಲ. ಮೂರನೆಯದು ಎಣಿಕೆ ಎಲ್ಲಿಂದ ಶುರುವಾಗುತ್ತದೆ ಎಂಬುದು. 1897ರ ಜನರಲ್ ಕ್ಲಾಸಸ್ ಕಾಯ್ದೆಯಲ್ಲಿ ಮೊದಲ ದಿನವನ್ನು ಬಿಟ್ಟು ಎಣಿಸುವುದಕ್ಕೂ, ಕೊನೆಯ ದಿನ ಕಚೇರಿ ಮುಚ್ಚಿದ್ದರೆ ಅದು ಮತ್ತೆ ತೆರೆಯುವ ದಿನ ಒಪ್ಪಿಕೊಳ್ಳುವುದಕ್ಕೂ ನಿಯಮಗಳಿವೆ. ಆದರೆ ಅವು ಶಾಸನಗಳಿಗಾಗಿ ಇರುವ ನಿಯಮಗಳು. ಖಾಸಗಿ ಟ್ರಸ್ಟಿನ ಪತ್ರಕ್ಕೆ ತಾವಾಗಿಯೇ ಅನ್ವಯಿಸುವುದಿಲ್ಲವಾದ್ದರಿಂದ ಅದೇ ಕ್ರಮವನ್ನು ನೀವು ಬರೆದುಕೊಳ್ಳಬೇಕು.

ನಾಲ್ಕನೆಯದು "ಸಲ್ಲಿಸಿದವರಿಗೆ" ಎಂಬ ಪದ, ನನ್ನನ್ನು ಈಗಲೂ ಕಾಡುವುದು ಅದೇ. ಆಗುಂಬೆ ಕಡೆಯ ಹುಡುಗನೊಬ್ಬ ಗಡುವಿನ ಎರಡು ದಿನ ಮೊದಲು ಅಂಚೆಗೆ ಹಾಕಿದ ಕಾಗದ, ಜುಲೈ ತಿಂಗಳ ಮಳೆಯಲ್ಲಿ, ಗಡುವು ಕಳೆದ ಮೇಲೆ ನಮಗೆ ತಲುಪಿತು. ಪತ್ರದಲ್ಲಿ "ತಲುಪಬೇಕು" ಎಂದಾಗಲಿ "ಕಳುಹಿಸಬೇಕು" ಎಂದಾಗಲಿ ಇರಲಿಲ್ಲ. ಸಮಿತಿ ಅದನ್ನು ತಡವಾಗಿದೆಯೆಂದು ತಿರಸ್ಕರಿಸಿತು, ಹುಡುಗನಿಗೆ ಒಂದು ವರ್ಷದ ಹಣ ತಪ್ಪಿತು. ವಾಕ್ಯವನ್ನು ಬರೆದವನು ನಾನು. ಕರೆಂಟು, ನೆಟ್‌ವರ್ಕು, ಬಸ್ಸು ಮೂರೂ ಒಟ್ಟಿಗೆ ನಿಲ್ಲಬಹುದಾದ ಊರುಗಳ ಮಕ್ಕಳಿಗೆ ಅಂಚೆಗೆ ಹಾಕಿದ ದಿನವನ್ನೇ ಲೆಕ್ಕಕ್ಕೆ ಹಿಡಿಯುವುದು ನ್ಯಾಯವೆಂದು ನಾನು ಭಾವಿಸುತ್ತೇನೆ.

"ಪರಿಗಣಿಸಲಾಗುವುದು" ಎಂಬುದನ್ನೂ ನಿರ್ಧರಿಸಿಕೊಳ್ಳಿ. ಷರತ್ತು ಪೂರೈಸಿದವರಿಗೆಲ್ಲ ಹಣ ಕೊಡುವುದೇ ನಿಮ್ಮ ಇಚ್ಛೆಯಾದರೆ "ಮುಂದುವರಿಸುತ್ತದೆ" ಎಂದು ಬರೆಯಿರಿ. ನಿಧಿಯ ಬಡ್ಡಿ ಕಡಿಮೆಯಾದರೆ ಕೊಡಲಾಗದೆನಿಸಿದರೆ ಆ ಕಾರಣವನ್ನೇ ಹೆಸರಿಸಿ, ಯಾವ ದಿನಾಂಕದೊಳಗೆ ತಿಳಿಸುವಿರೆಂದು ಹೇಳಿ. ಮನೆಯವರು ಮುಂದಿನ ವರ್ಷದ ಶುಲ್ಕವನ್ನು ಹೊಂದಿಸಿಕೊಳ್ಳುವುದು ಈ ಒಂದು ಕ್ರಿಯಾಪದವನ್ನು ನಂಬಿ. ಆದಾಯದ ಮಿತಿಯೂ ಇದ್ದರೆ ಯಾವ ಆರ್ಥಿಕ ವರ್ಷದ ಆದಾಯವೆಂದು ತಿಳಿಸಿ. ಕೊಳೆರೋಗ ಬಂದ ವರ್ಷದ ಅಡಿಕೆ ಆದಾಯಕ್ಕೂ ಅದರ ಹಿಂದಿನ ವರ್ಷದ್ದಕ್ಕೂ ಬಹಳ ಅಂತರವಿರುತ್ತದೆ.

ಇವನ್ನೆಲ್ಲ ಸೇರಿಸಿ ನಾನಾದರೆ ಹೀಗೆ ಬರೆಯುತ್ತೇನೆ:

"ಮುಗಿದ ಶೈಕ್ಷಣಿಕ ವರ್ಷದ ಎರಡೂ ಸೆಮಿಸ್ಟರುಗಳ ಅಂಕಗಳನ್ನು ಕೂಡಿಸಿ, ಒಟ್ಟು ಗರಿಷ್ಠ ಅಂಕಗಳ ಶೇ. 60 ಅಥವಾ ಅದಕ್ಕಿಂತ ಹೆಚ್ಚು ಪಡೆದಿದ್ದು, ಎಲ್ಲ ವಿಷಯಗಳಲ್ಲೂ ಉತ್ತೀರ್ಣರಾಗಿದ್ದರೆ, ಟ್ರಸ್ಟು ಮುಂದಿನ ವರ್ಷಕ್ಕೆ ವಿದ್ಯಾರ್ಥಿವೇತನವನ್ನು ಮುಂದುವರಿಸುತ್ತದೆ. 60ಕ್ಕಿಂತ ಕಡಿಮೆ ಇರುವ ಭಿನ್ನಾಂಕವನ್ನು 60ಕ್ಕೆ ಏರಿಸುವುದಿಲ್ಲ. ಮರುಮೌಲ್ಯಮಾಪನದಿಂದ ಅಂಕ ಹೆಚ್ಚಾದರೆ ಆ ಅಂಕವನ್ನೇ ಪರಿಗಣಿಸುತ್ತೇವೆ. ಅದರ ಗಡುವನ್ನು ಆ ಫಲಿತಾಂಶದ ದಿನದಿಂದ ಮುಂದೆ ಹೇಳಿದ ರೀತಿಯಲ್ಲೇ ಎಣಿಸುತ್ತೇವೆ. ಆ ವರ್ಷದ ಎರಡನೇ ಸೆಮಿಸ್ಟರಿನ ಫಲಿತಾಂಶ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪ್ರಕಟವಾದ ಮರುದಿನವನ್ನು ಮೊದಲ ದಿನವೆಂದು ಎಣಿಸಿ, 30ನೇ ದಿನ ಮುಗಿಯುವುದರೊಳಗೆ, ಪ್ರಾಂಶುಪಾಲರು ಸಹಿ ಮಾಡಿದ ಫಲಿತಾಂಶದ ಪ್ರತಿಯನ್ನು ಕಚೇರಿಗೆ ಕೊಡಬೇಕು ಅಥವಾ ಸ್ಪೀಡ್ ಪೋಸ್ಟಿಗೆ ಹಾಕಬೇಕು. ಅಂಚೆ ರಸೀದಿಯ ದಿನಾಂಕವೇ ಸಲ್ಲಿಸಿದ ದಿನಾಂಕ. 30ನೇ ದಿನ ರಜೆಯಿದ್ದರೆ ಮುಂದಿನ ಕೆಲಸದ ದಿನವೇ ಕೊನೆಯ ದಿನ. ಉದಾಹರಣೆ: ಫಲಿತಾಂಶ ಸೆಪ್ಟೆಂಬರ್ 18ರಂದು ಪ್ರಕಟವಾದರೆ ಕೊನೆಯ ದಿನ ಅಕ್ಟೋಬರ್ 18, ಆ ದಿನವೂ ಸೇರಿದೆ."

ಅಕ್ಟೋಬರ್ 18 "ಸೇರಿದೆ" ಎಂದು ಬರೆದಿರುವುದು ಬೇಕೆಂದೇ. "18ರೊಳಗೆ" ಎಂದರೆ 17ಕ್ಕೇ ಮುಗಿಯಿತೆಂದು ತಿಳಿಯುವವರೂ, 18ರ ಸಂಜೆಯವರೆಗೆ ಸಮಯವಿದೆಯೆಂದು ತಿಳಿಯುವವರೂ ನಮ್ಮಲ್ಲಿದ್ದಾರೆ.

ಈ ಕರಡನ್ನು ಅಚ್ಚಿಗೆ ಕೊಡುವ ಮುನ್ನ ನಾಲ್ಕು ಕಾಲ್ಪನಿಕ ಅಂಕಪಟ್ಟಿಗಳೊಂದಿಗೆ ಇಬ್ಬರ ಕೈಗೆ ಬೇರೆಬೇರೆಯಾಗಿ ಕೊಡಿ: ಒಬ್ಬರು ಟ್ರಸ್ಟಿ, ಇನ್ನೊಬ್ಬರು ಈಗ ವೇತನ ಪಡೆಯುತ್ತಿರುವ ವಿದ್ಯಾರ್ಥಿ. ಶೇ. 56 ಮತ್ತು 66 ಬಂದದ್ದು, ಸರಿಯಾಗಿ 60 ಬಂದದ್ದು, ಒಂದು ವಿಷಯ ಉಳಿದದ್ದು, ಭಾನುವಾರ ಗಡುವು ಮುಗಿದದ್ದು ಅವುಗಳಲ್ಲಿರಲಿ. ಇಬ್ಬರ ಉತ್ತರ ಎಲ್ಲಿ ಬೇರೆಯಾಗುತ್ತದೆಯೋ ಆ ವಾಕ್ಯವನ್ನು ಮತ್ತೆ ಬರೆಯಿರಿ. ಹೊಸ ಷರತ್ತುಗಳು ಹೊಸದಾಗಿ ಕೊಡುವ ಪತ್ರಗಳಿಗೆ ಮಾತ್ರ ಅನ್ವಯಿಸಲಿ. ಹಳೆಯ ಪತ್ರ ಹಿಡಿದಿರುವ ಮಕ್ಕಳ ವಿಷಯದಲ್ಲಿ, ಅವರ ಮೂರು ವರ್ಷ ಮುಗಿಯುವವರೆಗೆ, ಹಳೆಯ ವಾಕ್ಯಕ್ಕೆ ಅವರಿಗೆ ಅನುಕೂಲವಾಗುವ ಅರ್ಥವನ್ನೇ ಹಿಡಿಯುವುದೆಂದು ಸಭೆಯ ನಡಾವಳಿಯಲ್ಲಿ ದಾಖಲಿಸಿಕೊಳ್ಳಿ.