ಬ್ಲಾಸ್ಟ್ 2 ಪರ್ಸೆಂಟ್ ಅಂದ್ರೆ ಕ್ಯಾನ್ಸರ್ ಶುರುವಾಗಿದೆ ಅಂತಲ್ಲ

ಶಿರಸಿ ಕಡೆಯ ಅಡಿಕೆ ತೋಟದ ಮನೆಯವ್ರು, ಗುರುತು ಸಿಗಬಾರ್ದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಆಯಿಗೆ 58 ವರ್ಷ, ಹಿಮೋಗ್ಲೋಬಿನ್ 5.8, ಬಿಳಿ ರಕ್ತಕಣ ಪ್ಲೇಟ್‌ಲೆಟ್ ಎರಡೂ ಕಡಿಮೆ, ಹಾಗಾಗಿ ಹುಬ್ಬಳ್ಳೀಲಿ ಸೊಂಟದ ಮೂಳೆಯಿಂದ ಬೋನ್ ಮ್ಯಾರೋ, ಅಂದ್ರೆ ಮಜ್ಜೆ, ತೆಗೆದು ಟೆಸ್ಟ್ ಮಾಡಿದ್ರು. ಮಗ ರಿಪೋರ್ಟಲ್ಲಿ ಮೂರು ಕಡೆ ಕೆಂಪು ಪೆನ್ನಲ್ಲಿ ಗೆರೆ ಎಳ್ಕೊಂಡು ಬಂದಿದ್ದ: ಹೈಪರ್‌ಸೆಲ್ಯುಲರ್, ಬ್ಲಾಸ್ಟ್ 2 ಪರ್ಸೆಂಟ್, ಐರನ್ ಸ್ಟೋರ್ಸ್ ಹೆಚ್ಚು. "ಅಕ್ಕಾ, ಆಯಿಗೆ 2 ಪರ್ಸೆಂಟ್ ಕ್ಯಾನ್ಸರ್ ಆಗೋಯ್ತಾ?" ಅಂತ ಕೇಳ್ದ, ಆಯಿ ಪಕ್ಕದಲ್ಲೇ ಕೂತಿದ್ರು.

ಮೊದ್ಲು ಅದಕ್ಕೇ ಉತ್ರ ಕೊಟ್ಟೆ. ತಮ್ಮಾ, ಬ್ಲಾಸ್ಟ್ ಅಂದ್ರೆ ಇನ್ನೂ ಬಲಿಯದ ಎಳೇ ಕಣ, ಆರೋಗ್ಯವಂತರ ಮಜ್ಜೆಯಲ್ಲೂ 5 ಪರ್ಸೆಂಟ್ ಒಳಗೆ ಇದ್ದೇ ಇರ್ತದೆ, ಅವೇ ಬೆಳೆದು ರಕ್ತಕಣ ಆಗೋದು. ತೀವ್ರ ರಕ್ತಕ್ಯಾನ್ಸರ್ ಅಂತ ಹೇಳೋದು ಸಾಮಾನ್ಯವಾಗಿ 20 ಅಥವಾ ಅದಕ್ಕಿಂತ ಹೆಚ್ಚಿದ್ರೆ. ಆಯಿಯ ಕಣ್ಣು ತುಂಬ್ತು, ಸ್ವಲ್ಪ ಹೊತ್ತು ಸುಮ್ನಿದ್ದೆ.

ಹೈಪರ್‌ಸೆಲ್ಯುಲರ್ ಅಂದ್ರೆ ಮಜ್ಜೆಯಲ್ಲಿ ಕಣ ಜಾಸ್ತಿ ಅಂತ. ಹಾಗಾದ್ರೆ ಮಜ್ಜೆಯಲ್ಲಿ ಇಷ್ಟು ಜಾಸ್ತಿ, ರಕ್ತದಲ್ಲಿ ಎಂತಕ್ಕೆ ಕಡಿಮೆ ಅಂತ ಮಗ ಕೇಳಿದ್ದು ಒಳ್ಳೇ ಪ್ರಶ್ನೆ. ಉತ್ತರ ಅದೇ ರಿಪೋರ್ಟಿನ ಕೆಳಗಡೆ ಇತ್ತು, ಅವ್ನು ಗೆರೆ ಎಳೀದೇ ಬಿಟ್ಟ ಸಾಲಲ್ಲಿ: ಮೆಗಾಲೋಬ್ಲಾಸ್ಟಿಕ್ ಬದಲಾವಣೆ, ಅಂದ್ರೆ ಕಣ ಸರಿಯಾಗಿ ಬಲಿಯದೇ ದೊಡ್ಡದಾಗೋದು, ಹೆಚ್ಚಾಗಿ ಬಿ12 ವಿಟಮಿನ್ ಅಥವಾ ಫೋಲೇಟ್ ಕೊರತೆಯಿಂದ. ಬಿ12 ಇಲ್ದೇ ಹೋದ್ರೆ ಕಣಕ್ಕೆ ಡಿಎನ್‌ಎ ಸರಿಯಾಗಿ ಮಾಡ್ಕೊಳ್ಳೋಕೆ ಆಗಲ್ಲ, ದೊಡ್ಡದಾಗಿ ಊದಿ ಹೆಚ್ಚಿನವು ಮಜ್ಜೆಯೊಳಗೇ ಸಾಯ್ತವೆ, ಹೊರಗೆ ಬರೋದು ಕಡಿಮೆ. ಮಜ್ಜೆ ಮಾತ್ರ ಮಾಡ್ತಾನೇ ಇರ್ತದೆ, ಅದಕ್ಕೇ ತುಂಬಿ ಕಾಣೋದು.

ಐರನ್ ಕಥೇನೂ ಅದೇ. ಮಜ್ಜೆಯಲ್ಲಿ ಐರನ್ ಎಷ್ಟಿದೆ ಅಂತ ನೀಲಿ ಬಣ್ಣ ಹಾಕಿ ನೋಡ್ತಾರೆ, ಇವ್ರದ್ದು ಧಾರಾಳ ಇತ್ತು. ಉಗ್ರಾಣದ ತುಂಬ ಅಕ್ಕಿ ಇದ್ದು ಒಲೇನೇ ಹೊತ್ತದಿದ್ರೆ ಅನ್ನ ಆಗ್ತದಾ? ಮನೇಲಿ ತಿಂಗಳಾನುಗಟ್ಲೆ ನುಂಗಿಸ್ತಿದ್ದ ಐರನ್ ಮಾತ್ರೆ ಇದಕ್ಕೇ ನಾಟ್ಲಿಲ್ಲ.

ಆಮೇಲೆ ಆಯಿ ಮೆಲ್ಲಗೆ ಹೇಳಿದ್ರು, ಪಾದ ಜುಮ್ ಅಂತದೆ, ಕತ್ತಲಲ್ಲಿ ಅಂಗಳಕ್ಕಿಳಿದ್ರೆ ಕಾಲು ಎಲ್ಲಿಟ್ಟೆ ಗೊತ್ತಾಗಲ್ಲ. ಬಿ12 ಕಡಿಮೆಯಾದ್ರೆ ನರಕ್ಕೂ ಪೆಟ್ಟು ಬೀಳ್ತದೆ, ಆದ್ರೆ ಇದನ್ನ ಡಾಕ್ಟರ್ ಹತ್ರ ಹೇಳೇ ಇರ್ಲಿಲ್ಲ! ನಾನು ಕೊಟ್ಟ ಸಲಹೆ ಇಷ್ಟೇ. ನಾಳೇನೇ ಹೋಗಿ ಕಾಲಿನ ವಿಷಯ ಮೊದ್ಲು ಹೇಳಿ, ಬಿ12 ರಕ್ತಪರೀಕ್ಷೆ ಫಲಿತಾಂಶ ಎಂತ ಬಂತು ಅಂತ ಕೇಳಿ. ಐರನ್ ನಿಲ್ಲಿಸೋದಾ ಅಂತಾನೂ ಅವ್ರನ್ನೇ ಕೇಳಿ. ಯಾರೋ ಹೇಳಿದ್ರು ಅಂತ ಬರೀ ಫೋಲಿಕ್ ಆಸಿಡ್ ತಗೊಳ್ಬೇಡಿ, ರಕ್ತ ಸುಧಾರಿಸಿದ ಹಾಗೆ ಕಾಣ್ತದೆ, ನರ ಒಳಗೊಳಗೇ ಹಾಳಾಗ್ತದೆ.

ಬಿ12 ತೀರಾ ಕಡಿಮೆ ಇತ್ತು, ಇಂಜೆಕ್ಷನ್ ಶುರುವಾಯ್ತು. ವಾರದಲ್ಲಿ ರೆಟಿಕ್ಯುಲೋಸೈಟ್, ಅಂದ್ರೆ ಹೊಸ ಕೆಂಪುಕಣ, ಏರ್ಬೇಕು, ಏರ್ತು. ಏರದೇ ಇದ್ದಿದ್ರೆ ಮತ್ತೆ ತನಿಖೆ ಮಾಡ್ಬೇಕಿತ್ತು, ಯಾಕಂದ್ರೆ ಎಂಡಿಎಸ್ ಅನ್ನೋ ಮಜ್ಜೆಯ ಕಾಯಿಲೇನೂ ಮೈಕ್ರೋಸ್ಕೋಪಲ್ಲಿ ಹೀಗೇ ಕಾಣ್ಬಹುದು. ಕಾಲಿನ ಜುಮ್ ಇನ್ನೂ ಪೂರ್ತಿ ಹೋಗಿಲ್ಲ, ನರ ಸುಧಾರಿಸೋಕೆ ತಿಂಗಳುಗಳೇ ಬೇಕು, ಅಲ್ಲೀವರೆಗೆ ರಾತ್ರಿ ಅಂಗಳದ ಲೈಟ್ ಹಾಕಿಡಿ ಅಂದಿದ್ದೇನೆ.