1/(1+x²) ಸೀರೀಸ್ 1 ದಾಟಿದ್ರೆ ಯಾಕೆ ಕೈಕೊಡುತ್ತೆ?

ಪ್ರಶ್ನೆ: "1/(1+x²) ಗ್ರಾಫಲ್ಲಿ ಎಲ್ಲೂ ಒಂದು ತೊಂದ್ರೆನೂ ಕಾಣಲ್ಲ, ಆದ್ರೂ ಅದರ ಟೇಲರ್ ಸೀರೀಸ್ x=1 ದಾಟಿದ ಕೂಡ್ಲೇ ಕೆಲಸ ಮಾಡಲ್ಲ. ಹತ್ತಿರದ ಸಿಂಗುಲಾರಿಟಿ ತನಕ ಮಾತ್ರ ಅಂತಾರೆ. ಯಾಕೆ ಸರಿಯಾಗಿ ಅಲ್ಲೇ ನಿಲ್ಲಬೇಕು?"

ತೊಂದ್ರೆ ಇರೋದು i ಮತ್ತು -i ಹತ್ರ, ನೀವು ನೋಡ್ತಿರೋ ಗೆರೆ ಮೇಲಲ್ಲ. ನಂಗೂ ಇದು ತುಂಬಾ ದಿನ ಬರೀ ಮಾತಾಗೇ ಇತ್ತು, ಸೀರೀಸನ್ನ i ಕಡೆಗೆ ನಡೆಸಿ ನೋಡಿದ ಮೇಲೇನೇ ಅರ್ಥ ಆಗಿದ್ದು. ನೀವೂ 1 - z² + z⁴ - z⁶ + ... ತಗೊಂಡು z = it ಹಾಕಿ, ಮೈನಸ್ ಎಲ್ಲಾ ಹೋಗಿ 1 + t² + t⁴ + ... ಆಗುತ್ತೆ. ಇದರ ಮೊತ್ತ 1/(1-t²), t = 0.9 ಇದ್ದಾಗ ಸುಮಾರು 5.26, 0.99 ಇದ್ದಾಗ 50 ದಾಟುತ್ತೆ, ಹಾಗೇ ಮೇಲಕ್ಕೆ ಹೋಗ್ತಾನೇ ಇರುತ್ತೆ.

ಈಗ ಗಮನಿಸಿ, x = t ಅಲ್ಲಾಗ್ಲಿ z = it ಅಲ್ಲಾಗ್ಲಿ ಒಂದೊಂದು ಪದದ ಗಾತ್ರ ಒಂದೇ, ಬದಲಾಗೋದು ಚಿಹ್ನೆ ಮಾತ್ರ. ಪವರ್ ಸೀರೀಸಲ್ಲಿ ಪದದ ಗಾತ್ರಕ್ಕೆ ಸೆಂಟರಿಂದ ಎಷ್ಟು ದೂರ ಅನ್ನೋದಷ್ಟೇ ಗೊತ್ತು, ಯಾವ ದಿಕ್ಕು ಅಂತ ಗೊತ್ತಿಲ್ಲ. ಅದಕ್ಕೇ ಕನ್ವರ್ಜ್ ಆಗೋ ಜಾಗ ಯಾವಾಗ್ಲೂ ಒಂದು ವೃತ್ತ, ಒಂದು ದಿಕ್ಕಲ್ಲಿ ಅಡ್ಡಿ ಬಂದ್ರೆ ಎಲ್ಲಾ ದಿಕ್ಕಲ್ಲೂ ಅಷ್ಟೇ ದೂರಕ್ಕೆ ನಿಲ್ಲುತ್ತೆ.

ದಾಟಲ್ಲ ಅನ್ನೋದಕ್ಕೆ ಕಾರಣ ಇಷ್ಟೇ: ರೇಡಿಯಸ್ 1ಕ್ಕಿಂತ ಜಾಸ್ತಿ ಇದ್ದಿದ್ರೆ i ವೃತ್ತದ ಒಳಗೆ ಬೀಳ್ತಿತ್ತು, ಒಳಗೆ ಸೀರೀಸ್ ಮೊತ್ತ ಕಂಟಿನ್ಯೂಯಸ್, ಅಂದ್ರೆ i ಹತ್ರ ಹೋದಾಗ ಯಾವುದೋ ಒಂದು ಸಂಖ್ಯೆಗೆ ಬಂದು ನಿಲ್ಲಬೇಕು, ಆದ್ರೆ ಮೇಲೆ ನೋಡಿದ ಹಾಗೆ ಅದು ನಿಲ್ಲಲ್ಲ.

ಅದಕ್ಕಿಂತ ಮುಂಚೆನೂ ನಿಲ್ಲಲ್ಲ ಅನ್ನೋದೇ ನಿಜವಾಗ್ಲೂ ಚೆಂದದ ಭಾಗ, ಅದನ್ನ ಕೊಡೋದು ಕೋಶಿ ಸೂತ್ರ. ಸೆಂಟರ್ a ಸುತ್ತ r ರೇಡಿಯಸ್ ವೃತ್ತ ಹಾಕಿ, ವೃತ್ತದ ಮೇಲೂ ಒಳಗೂ f ಅನಲಿಟಿಕ್ ಇದ್ರೆ ಸಾಕು, ಒಳಗಿನ f(z) ಬೆಲೆ ಪೂರ್ತಿ ವೃತ್ತದ ಮೇಲಿನ ಬೆಲೆಗಳಿಂದಲೇ ಸಿಗುತ್ತೆ, 1/(ζ-z) ಗುಣಿಸಿ ಇಂಟಿಗ್ರೇಟ್ ಮಾಡಿ 2πi ಇಂದ ಭಾಗಿಸಿದ್ರೆ ಆಯ್ತು. ಆ 1/(ζ-z) ಅನ್ನ (z-a)/(ζ-a) ಅನುಪಾತ ಇರೋ ಜಿಯೋಮೆಟ್ರಿಕ್ ಸೀರೀಸಾಗಿ ಬಿಡಿಸಬಹುದು, z ಒಳಗಿದೆ, ζ ವೃತ್ತದ ಮೇಲಿದೆ, ಹಾಗಾಗಿ ಅನುಪಾತ 1ಕ್ಕಿಂತ ಕಮ್ಮಿ, ಕನ್ವರ್ಜ್ ಆಗ್ಲೇಬೇಕು. ಅಲ್ಲಿಂದ ಬರೋ ಸೀರೀಸೇ f ದು ಟೇಲರ್ ಸೀರೀಸ್. ಸಿಂಗುಲಾರಿಟಿಗೆ ತಾಗೋ ತನಕ r ಬೆಳೆಸ್ತಾ ಹೋಗೋಕೆ ಯಾವ ಅಡ್ಡಿನೂ ಇಲ್ಲ, ಹಾಗಾಗಿ ಸೀರೀಸೂ ಅಲ್ಲಿ ತನಕ ಬಂದೇ ಬರುತ್ತೆ.

ನಂಬಿಕೆ ಬರಬೇಕಂದ್ರೆ ಸೆಂಟರನ್ನ 0 ಬಿಟ್ಟು 1ಕ್ಕೆ ತನ್ನಿ. 1 ರಿಂದ i ಗೆ ದೂರ √2, ಅಂದ್ರೆ ಈ ಸಲ ರಿಯಲ್ ಲೈನಲ್ಲಿ ಹೆಚ್ಚುಕಮ್ಮಿ 2.414 ತನಕ ಹೋಗ್ಬೇಕು. w = z-1 ಅಂತ ಇಟ್ಟು ಲೆಕ್ಕ ಮಾಡಿದ್ರೆ ಕೋಎಫಿಶಿಯಂಟ್‌ಗಳು ಹೀಗೆ ಬರ್ತವೆ:

1/2, -1/2, 1/4, 0, -1/8, 1/8, -1/16, 0, ...

ನಾಲ್ಕು ಪದ ಮುಂದೆ ಹೋದ್ರೆ ಗಾತ್ರ ಸರಿಯಾಗಿ ನಾಲ್ಕನೇ ಒಂದು ಭಾಗ, √2 ನ ನಾಲ್ಕನೇ ಘಾತ ನಾಲ್ಕೇ ಅಲ್ವಾ, i ಎಷ್ಟು ದೂರ ಇದೆ ಅನ್ನೋದು ಈ ಭಿನ್ನರಾಶಿಗಳ ಒಳಗೇ ಬರೆದಿದೆ! ಮಧ್ಯೆ ಸೊನ್ನೆಗಳು ಬರೋದ್ರಿಂದ ಇಲ್ಲಿ ರೇಶಿಯೋ ಟೆಸ್ಟ್ ಹಾಕೋಕೆ ಹೋಗ್ಬೇಡಿ, ರೂಟ್ ಟೆಸ್ಟ್ ಹಾಕಿ. x = 1.1 ಕೊಟ್ಟು w⁶ ತನಕ ಕೂಡಿದ್ರೆ 0.4524886875, ನಿಜವಾದ 1/2.21 ಸುಮಾರು 0.4524886878. ಅದೇ 1.1 ಅಲ್ಲಿ 0 ಸೆಂಟರಿನ ಸೀರೀಸ್ ಪದಗಳು ಒಂದೊಂದಕ್ಕೂ 1.21 ಪಟ್ಟು ದೊಡ್ಡದಾಗ್ತಾ ಹೋಗ್ತವೆ.

ಒಂದು ವಿಷಯದಲ್ಲಿ ಮಾತ್ರ ಹುಷಾರು, ಯಾವುದನ್ನ ಸಿಂಗುಲಾರಿಟಿ ಅಂತ ಲೆಕ್ಕಕ್ಕೆ ತಗೋಬೇಕು ಅನ್ನೋದ್ರಲ್ಲಿ ಜನ ಎಡವ್ತಾರೆ. z/(e^z - 1) ಗೆ z=0 ಅಲ್ಲಿ ಛೇದ ಸೊನ್ನೆ ಆಗುತ್ತೆ ನಿಜ, ಆದ್ರೆ ಬೆಲೆ 1 ಅಂತ ಇಟ್ರೆ ಎಲ್ಲಾ ಸರಿಹೋಗುತ್ತೆ, ಹಾಗಾಗಿ 0 ಸೆಂಟರಿನ ಸೀರೀಸಿಗೆ ಅಡ್ಡಿ ಬರೋದು ±2πi, ರೇಡಿಯಸ್ 2π. ಇನ್ನು log(1+z) ನ ಬ್ರಾಂಚ್ ಕಟ್ -1 ರಿಂದ ಎಡಕ್ಕೆ ಎಳೆದಿದ್ದೀರಾ ಅಂತಿಟ್ಕೊಳ್ಳಿ, ಸೆಂಟರ್ -2+i. ಕಟ್ ಬರೀ 1 ದೂರದಲ್ಲಿದೆ, ಆದ್ರೂ ರೇಡಿಯಸ್ √2, ಯಾಕಂದ್ರೆ ಕಟ್ ನಾವು ಎಳೆದ ಗೆರೆ, ನಿಜವಾದ ಸಿಂಗುಲಾರಿಟಿ -1 ಒಂದೇ. ಸೀರೀಸ್ ಆ ಗೆರೆ ದಾಟಿ ಹೋಗುತ್ತೆ, ಆ ಕಡೆ ಅದು ಕೊಡೋ ಬೆಲೆ ನಿಮ್ಮ ಪ್ರಿನ್ಸಿಪಲ್ ಲಾಗ್‌ಗಿಂತ 2πi ಜಾಸ್ತಿ ಇರುತ್ತೆ.